ಯಾಕೋಬಿ ತಿರುವುಗಳು: ಸಮಮಿತೀಯ ಮಾತೃಕೆ ಕರ್ಣರೂಪಕ್ಕೆ ಬರುವ ಬಗೆ

ಸಮಮಿತೀಯ ಮಾತೃಕೆಯನ್ನು ಕರ್ಣರೂಪಕ್ಕೆ ತರುವುದೆಂದರೆ ಅಕ್ಷಗಳನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ನಿಲ್ಲಿಸುವುದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟಿನಂಥ ದೊಡ್ಡ ಗೋಡೆಯೊಳಗಿನ ಒಂದು ಬಿಂದುವನ್ನು ತೆಗೆದುಕೊಂಡರೆ ಈ ಮಾತಿನ ಅರ್ಥ ಕಣ್ಣಿಗೆ ಕಟ್ಟುತ್ತದೆ. ಆ ಬಿಂದುವಿನ ಸುತ್ತ ಸಣ್ಣದೊಂದು ಘನವನ್ನು ಕಲ್ಪಿಸಿಕೊಳ್ಳಬೇಕು. ಅದರ ಮುಖಗಳ ಮೇಲೆ ನೇರವಾಗಿ ಅಮುಕುವ ಒತ್ತಡಗಳು ಮೂರು. ಮುಖಗಳ ಗುಂಟ ಜಾರಿಸಲು ನೋಡುವ ಒತ್ತಡಗಳು ಮೂರು. ಈ ಆರು ಸಂಖ್ಯೆಗಳು ಸೇರಿ 3×3ರ ಸಮಮಿತೀಯ ಮಾತೃಕೆಯಾಗುತ್ತವೆ. ನೇರ ಒತ್ತಡಗಳು ಕರ್ಣದ ಮೇಲೆ ಕೂರುತ್ತವೆ, ಜಾರಿಸುವ ಒತ್ತಡಗಳು ಕರ್ಣದ ಹೊರಗೆ. ಘನವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೆ ಈ ಸಂಖ್ಯೆಗಳು ಬದಲಾಗುತ್ತವೆ. ಒಂದು ನಿಲುವಿನಲ್ಲಿ ಮಾತ್ರ ಜಾರಿಸುವ ಒತ್ತಡಗಳೆಲ್ಲ ಸೊನ್ನೆಯಾಗಿ ಬರೀ ಅಮುಕುವ ಒತ್ತಡಗಳು ಉಳಿಯುತ್ತವೆ. ಆಗ ಕರ್ಣದಲ್ಲಿ ಸಿಗುವ ಮೂರು ಸಂಖ್ಯೆಗಳು ಆ ಮಾತೃಕೆಯ ಐಗೆನ್ ಮೌಲ್ಯಗಳು, ಘನದ ಮೂರು ಅಂಚುಗಳು ಐಗೆನ್ ದಿಕ್ಕುಗಳು. ಗೋಡೆ ಎಲ್ಲಿ, ಯಾವ ದಿಕ್ಕಿನಲ್ಲಿ ಬಿರುಕು ಬಿಡಬಹುದು ಎಂದು ಲೆಕ್ಕ ಹಾಕುವವರಿಗೆ ಬೇಕಾದ್ದು ಇವೇ.

ಆ ನಿಲುವನ್ನು ಒಂದೇ ಏಟಿಗೆ ಕಂಡುಹಿಡಿಯುವುದು ಕಷ್ಟ. ಆದರೆ ಒಂದು ಸಮತಲದಲ್ಲಿ ಮಾತ್ರ ತಿರುಗಿಸಿ, ಎರಡು ಅಕ್ಷಗಳ ನಡುವಿನ ಒಂದೇ ಒಂದು ಅಂಶವನ್ನು ಸೊನ್ನೆ ಮಾಡುವುದು ಸುಲಭ. ಅದು 2×2 ಮಾತೃಕೆಯ ಲೆಕ್ಕ. ಇಂಥ ತಿರುವುಗಳನ್ನು ಒಂದರ ಮೇಲೊಂದು ಮಾಡುತ್ತ ಹೋಗುವ ವಿಧಾನವನ್ನು ಜರ್ಮನಿಯ ಗಣಿತಜ್ಞ ಕಾರ್ಲ್ ಗುಸ್ತಾವ್ ಯಾಕೋಬಿ 1846ರಲ್ಲಿ ಕ್ರೆಲ್ಲೆಯ ಪತ್ರಿಕೆಯಲ್ಲಿ ಪ್ರಕಟಿಸಿದ. ಅವನ ಮುಂದಿದ್ದದ್ದು ಗ್ರಹಗಳ ಲೆಕ್ಕ. ಆಗ ತಿಳಿದಿದ್ದ ಏಳು ಗ್ರಹಗಳು ಒಂದನ್ನೊಂದು ಸೆಳೆಯುವುದರಿಂದ ಅವುಗಳ ಕಕ್ಷೆಗಳು ಶತಮಾನಗಳ ಉದ್ದಕ್ಕೂ ನಿಧಾನವಾಗಿ ಬದಲಾಗುತ್ತವೆ. ಆ ಬದಲಾವಣೆಗೆ ಲೆವೆರಿಯೆ ಕೊಟ್ಟಿದ್ದ ಸಂಖ್ಯೆಗಳಿಂದ 7×7ರ ಮಾತೃಕೆ ಸಿದ್ಧವಾಗುತ್ತಿತ್ತು. ಯಾಕೋಬಿ ಕೆಲವೇ ತಿರುವುಗಳನ್ನು ಕೈಯಲ್ಲಿ ಮಾಡಿ, ಕರ್ಣದ ಹೊರಗಿನ ಅಂಶಗಳು ಸಾಕಷ್ಟು ಸಣ್ಣದಾದ ಮೇಲೆ ಬೇರೊಂದು ತಿದ್ದುಪಡಿಯ ವಿಧಾನಕ್ಕೆ ಹೊರಳಿದ. ಅದಾಗಿ ನೂರು ವರ್ಷ ಈ ಉಪಾಯ ಹೆಚ್ಚುಕಡಿಮೆ ಮರೆತುಹೋಗಿತ್ತು. ಗಣಕಯಂತ್ರಗಳು ಬಂದ ಮೇಲೆ ಗೋಲ್ಡ್‌ಸ್ಟೈನ್, ಮರ್ರೆ ಮತ್ತು ಫಾನ್ ನ್ಯೂಮನ್ ಇದನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಪ್ರಬಂಧ ಅಚ್ಚಾದದ್ದು 1959ರಲ್ಲಿ, ಫಾನ್ ನ್ಯೂಮನ್ ತೀರಿಕೊಂಡ ಎರಡು ವರ್ಷದ ಮೇಲೆ.

ಒಂದು ತಿರುವಿನ ಲೆಕ್ಕ ಹೀಗಿದೆ. p ಮತ್ತು q ಎಂಬ ಎರಡು ಅಕ್ಷಗಳ ಸಮತಲವನ್ನು ಆರಿಸಿಕೊಂಡರೆ, ತಿರುಗಿಸಬೇಕಾದ ಕೋನದ ಟ್ಯಾಂಜೆಂಟ್ ಒಂದು ವರ್ಗಸಮೀಕರಣದ ಮೂಲ. ಅದಕ್ಕೆ ಎರಡು ಮೂಲಗಳಿರುತ್ತವೆ, ಸಣ್ಣದನ್ನೇ ಆರಿಸಬೇಕು.

```
tau = (a_qq - a_pp) / (2*a_pq)
t   = sign(tau) / (|tau| + sqrt(1 + tau^2))
c   = 1 / sqrt(1 + t^2),   s = t*c
a_pp <- a_pp - t*a_pq
a_qq <- a_qq + t*a_pq
a_rp <- c*a_rp - s*a_rq
a_rq <- s*(ಹಳೆಯ a_rp) + c*a_rq
```

ಇಲ್ಲಿ r ಎಂದರೆ p, q ಬಿಟ್ಟು ಉಳಿದ ಪ್ರತಿಯೊಂದು ಅಕ್ಷ. tau ಸೊನ್ನೆಯಾದರೆ t = 1 ಎಂದು ಇಟ್ಟುಕೊಳ್ಳಬೇಕು. ಸಣ್ಣ ಮೂಲವನ್ನು ಆರಿಸಿದರೆ ಕೋನ 45 ಡಿಗ್ರಿಯನ್ನು ಎಂದೂ ಮೀರುವುದಿಲ್ಲ. ದೊಡ್ಡ ಮೂಲವೂ a_pqಯನ್ನು ಸೊನ್ನೆ ಮಾಡುತ್ತದೆ, ಆದರೆ ಜೊತೆಗೆ ಎರಡು ಅಕ್ಷಗಳನ್ನು ಅದಲುಬದಲು ಮಾಡಿಬಿಡುತ್ತದೆ. ಆಗ ಕರ್ಣದ ಸಂಖ್ಯೆಗಳು ಒಂದು ಕಡೆ ನೆಲೆ ನಿಲ್ಲದೆ ಜಾಗ ಬದಲಿಸುತ್ತಲೇ ಇರುತ್ತವೆ. ಫೋರ್ಸೈತ್ ಮತ್ತು ಹೆನ್ರಿಚಿ 1960ರಲ್ಲಿ ಸಾಲುಸಾಲಾಗಿ ತಿರುಗಿಸುವ ಕ್ರಮ ಕೊನೆ ಮುಟ್ಟುತ್ತದೆಂದು ಸಾಧಿಸಿದಾಗ, ಆ ಸಾಧನೆ ನಿಂತದ್ದು ಕೋನಗಳಿಗೆ ಹಾಕಿದ ಇಂಥ ಮಿತಿಯ ಮೇಲೆ.

ಒಂದು ತಿರುವಿನಲ್ಲಿ ಸೊನ್ನೆಯಾದ ಅಂಶ ಮುಂದಿನ ತಿರುವಿನಲ್ಲಿ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಇಷ್ಟು ಕಂಡವರಿಗೆ ಇದು ತಳವಿಲ್ಲದ ಕೊಡಕ್ಕೆ ನೀರು ಹೊಯ್ಯುವ ಕೆಲಸವೆಂದು ತೋರಬಹುದು. ಹಾಗಾಗದಿರಲು ಕಾರಣ ಸರಳವಾದದ್ದು. ತಿರುಗಿಸುವಾಗ ಮಾತೃಕೆಯ ಎಲ್ಲ ಅಂಶಗಳ ವರ್ಗಗಳ ಮೊತ್ತ ಬದಲಾಗುವುದಿಲ್ಲ. r ಸಾಲಿನ ಎರಡು ಅಂಶಗಳು ತಮ್ಮತಮ್ಮಲ್ಲೇ ಬೆರೆಯುತ್ತವೆ, ಅವುಗಳ ವರ್ಗಗಳ ಮೊತ್ತವೂ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕರ್ಣದ ಮೇಲ್ಭಾಗದ ಅಂಶಗಳ ವರ್ಗಗಳ ಮೊತ್ತವನ್ನು S ಎಂದು ಕರೆದರೆ, ಒಂದು ತಿರುವಿನಲ್ಲಿ S ಸರಿಯಾಗಿ a_pqಯ ವರ್ಗದಷ್ಟು ಇಳಿಯುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಳಿದದ್ದು ಕರ್ಣಕ್ಕೆ ಸೇರುತ್ತದೆ. ಪ್ರತಿ ಸಲ ಅತಿ ದೊಡ್ಡ ಅಂಶವನ್ನೇ ಆರಿಸಿದರೆ, n ಗಾತ್ರದ ಮಾತೃಕೆಯಲ್ಲಿ ಇಂಥ ಅಂಶಗಳು n(n−1)/2 ಇರುವುದರಿಂದ, S ಕನಿಷ್ಠ ಅದರ ಅಷ್ಟನೇ ಒಂದು ಪಾಲಾದರೂ ತಗ್ಗಲೇಬೇಕು. ಇಷ್ಟರಿಂದ ವಿಧಾನ ಗುರಿ ಮುಟ್ಟುತ್ತದೆಂಬ ಭರವಸೆ ಸಿಗುತ್ತದೆ. ಆದರೆ ಈ ಭರವಸೆಯ ವೇಗ ಬಹಳ ನಿಧಾನದ್ದು: n = 50 ಆದರೆ ಒಂದು ತಿರುವಿಗೆ S ಕೇವಲ 1225ನೇ ಒಂದು ಪಾಲು ಇಳಿದೀತು ಎಂದಷ್ಟೇ ಅದು ಹೇಳುತ್ತದೆ. ನಿಜವಾಗಿ ಲೆಕ್ಕ ಮಾಡಿದವರು ಕಂಡದ್ದೇ ಬೇರೆ. ಕೊನೆಕೊನೆಗೆ S ಕುಸಿದು ಬೀಳುತ್ತದೆ.

ಅದನ್ನು ಕಾಣಲು ಅಣೆಕಟ್ಟಿನ ಬಿಂದುವಿಗೇ ಮರಳಬಹುದು. ಕೆಳಗಿನ ಸಂಖ್ಯೆಗಳು ಅಳೆದು ತಂದವಲ್ಲ, ಲೆಕ್ಕಕ್ಕೆ ಅನುಕೂಲವಾಗಲೆಂದು ಇಟ್ಟುಕೊಂಡವು. ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂಬ ಅಳತೆಯಲ್ಲಿ ಓದಿಕೊಳ್ಳಬಹುದು. ಒಂದನೆಯ ಅಕ್ಷ ಲಂಬ, ಎರಡನೆಯದು ಹೊಳೆಯ ಹರಿವಿನ ದಿಕ್ಕು, ಮೂರನೆಯದು ಕಟ್ಟೆಯ ಉದ್ದಕ್ಕೆ.

```
8  2  1
2  5  1
1  1  2
```

ಮೊದಲಿಗೆ S = 4 + 1 + 1 = 6. ಒಂದನೆಯ ಮತ್ತು ಎರಡನೆಯ ಅಕ್ಷಗಳನ್ನು ತಿರುಗಿಸಿದರೆ tau = −0.75, t = −0.5, ಕೋನ ಸುಮಾರು 26.6 ಡಿಗ್ರಿ. ಕರ್ಣದ 8 ಮತ್ತು 5 ಈಗ 9 ಮತ್ತು 4 ಆಗುತ್ತವೆ. ಉಳಿದ ಎರಡು ಅಂಶಗಳಾದ 1 ಮತ್ತು 1 ಬೆರೆತು 1.3416 ಮತ್ತು 0.4472 ಆಗುತ್ತವೆ. ಇವುಗಳ ವರ್ಗ 1.8 ಮತ್ತು 0.2; ಮೊತ್ತ ಮೊದಲಿನಂತೆ 2. S ಆರರಿಂದ ಎರಡಕ್ಕೆ ಇಳಿಯಿತು, ಅಂದರೆ ಸೊನ್ನೆಯಾದ 2ರ ವರ್ಗದಷ್ಟು.

ಮುಂದೆ ಒಂದನೆಯ ಮತ್ತು ಮೂರನೆಯ ಅಕ್ಷಗಳು. ಕೋನ 10.5 ಡಿಗ್ರಿ. ಕರ್ಣ 9.2483, 4, 1.7517 ಆಗುತ್ತದೆ. ಸೊನ್ನೆಯಾಗಿದ್ದ a12 ಮತ್ತೆ ತುಂಬಿಕೊಂಡು 0.0814 ಆಗುತ್ತದೆ, a23 ಈಗ 0.4397. S = 0.2. ಬಳಿಕ ಎರಡನೆಯ ಮತ್ತು ಮೂರನೆಯ ಅಕ್ಷಗಳು, 10.7 ಡಿಗ್ರಿ. ಕರ್ಣ 9.2483, 4.0829, 1.6687. ಉಳಿದದ್ದು a12 = 0.0800, a13 = −0.0151. S = 0.0066. ಮೂರೂ ಜೋಡಿಗಳು ಒಮ್ಮೆ ಮುಗಿದವು; ಇದನ್ನು ಒಂದು ಸುತ್ತು ಎನ್ನಬಹುದು.

ಎರಡನೆಯ ಸುತ್ತಿನಲ್ಲಿ ದೃಶ್ಯ ಬದಲಾಗುತ್ತದೆ. ಮೊದಲ ತಿರುವಿನ ಕೋನ 0.89 ಡಿಗ್ರಿ ಮಾತ್ರ. ಅದರಿಂದ a23ಯಲ್ಲಿ ಹುಟ್ಟುವ ಹೊಸ ಅಂಶ 0.00023. ಎರಡನೆಯ ತಿರುವು 0.11 ಡಿಗ್ರಿ, ಅದು a12ರಲ್ಲಿ ಹುಟ್ಟಿಸುವುದು 0.00000046. ಮೂರನೆಯದು ಡಿಗ್ರಿಯ ಇನ್ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಸುತ್ತು ಮುಗಿದಾಗ ಕರ್ಣದಲ್ಲಿರುವುದು 9.2496012, 4.0817097, 1.6686891. ಇವುಗಳ ಮೊತ್ತ 15, ಮೂಲ ಕರ್ಣದ 8 + 5 + 2ರಷ್ಟೇ. ಗುಣಲಬ್ಧ 63, ಮೂಲ ಮಾತೃಕೆಯ ನಿರ್ಧಾರಕದಷ್ಟೇ. ಅತಿ ದೊಡ್ಡ ಒತ್ತಡದ ದಿಕ್ಕು ಲಂಬದಿಂದ ಸುಮಾರು 29 ಡಿಗ್ರಿ ವಾಲಿದೆ. ಮೂರನೆಯ ಸುತ್ತು ಮಾಡಿದರೆ ಕರ್ಣದ ಈ ಏಳು ದಶಮಾಂಶ ಸ್ಥಾನಗಳಲ್ಲಿ ಒಂದೂ ಅಲುಗುವುದಿಲ್ಲ.

ಹೀಗೇಕೆ? ಕರ್ಣದ ಹೊರಗಿನ ಅಂಶಗಳೆಲ್ಲ ε ಎಂಬ ಸಣ್ಣ ಸಂಖ್ಯೆಯ ಆಸುಪಾಸಿನಲ್ಲಿವೆ, ಕರ್ಣದ ಅಂಶಗಳ ನಡುವಿನ ಅಂತರ ಕನಿಷ್ಠ δ ಇದೆ ಎಂದುಕೊಳ್ಳೋಣ. ಆಗ ಕೋನದ ಗಾತ್ರ ಹೆಚ್ಚುಕಡಿಮೆ a_pq ಭಾಗಿಸು ಅಂತರ, ಅಂದರೆ ε/δಯನ್ನು ಮೀರದ್ದು. ಒಮ್ಮೆ ಸೊನ್ನೆಯಾದ ಅಂಶ ಬೇರೆ ಜೋಡಿಯ ತಿರುವಿನಲ್ಲಿ ಮತ್ತೆ ತುಂಬಿಕೊಳ್ಳುವಾಗ ಅದಕ್ಕೆ ಬಂದು ಸೇರುವುದು ಇನ್ನೊಂದು ಹೊರ ಅಂಶದ s ಪಾಲು ಮಾತ್ರ: ε/δ ಸಲ ε. ಕೋನವೂ ಸಣ್ಣದು, ಬಂದು ಸೇರುವ ಅಂಶವೂ ಸಣ್ಣದು. ಎರಡೂ ಗುಣಿಸಿಕೊಂಡಾಗ ε²/δ. ಒಂದು ಸುತ್ತಿನಲ್ಲಿ ಪ್ರತಿಯೊಂದು ಅಂಶವೂ ಒಮ್ಮೆ ಸೊನ್ನೆಯಾಗುವುದರಿಂದ, ಸುತ್ತಿನ ಕೊನೆಗೆ ಉಳಿಯುವುದೆಲ್ಲ ಇಂಥ ಮರುತುಂಬಿಕೆಗಳೇ. ಹಾಗಾಗಿ ಒಂದು ಸುತ್ತಿಗೆ ε ಹೋಗಿ ε²/δಯ ಕೆಲವು ಪಟ್ಟು ಬರುತ್ತದೆ. ನೂರನೇ ಒಂದು ಇದ್ದದ್ದು ಹತ್ತುಸಾವಿರದಲ್ಲಿ ಒಂದಾಗುತ್ತದೆ, ಅದು ಮುಂದೆ ಹತ್ತು ಕೋಟಿಯಲ್ಲಿ ಒಂದು. ಸರಿಯಾದ ಅಂಕಿಗಳು ಪ್ರತಿ ಸುತ್ತಿಗೆ ಇಮ್ಮಡಿಯಾಗುವ ಈ ನಡೆಗೆ ವರ್ಗೀಯ ಅಭಿಸರಣ ಎಂದು ಹೆಸರು. ಸಾಲುಸಾಲಾಗಿ ತಿರುಗಿಸುವ ಕ್ರಮಕ್ಕೆ ಹೆನ್ರಿಚಿ 1958ರಲ್ಲೂ ವಿಲ್ಕಿನ್ಸನ್ 1962ರಲ್ಲೂ ಇದನ್ನು ಸಾಧಿಸಿ ತೋರಿಸಿದರು.

ಕರ್ಣದ ಅಂಶಗಳು ಇದಕ್ಕೂ ಒಂದು ಹೆಜ್ಜೆ ಮುಂದಿರುತ್ತವೆ. ಹೊರಗೆ ε ಉಳಿದಿರುವಾಗ ಕರ್ಣದ ದೋಷ ಆಗಲೇ ε²/δ ಮಟ್ಟದ್ದು. ಮೇಲಿನ ಲೆಕ್ಕದಲ್ಲಿ ಮೊದಲ ಸುತ್ತಿನ ಕೊನೆಗೆ a12 = 0.08, ಅಂತರ 5.17. 0.08ರ ವರ್ಗವನ್ನು 5.17ರಿಂದ ಭಾಗಿಸಿದರೆ 0.0012, ಕರ್ಣದ 9.2483ಕ್ಕೂ ಕೊನೆಯ 9.2496ಕ್ಕೂ ಇರುವ ವ್ಯತ್ಯಾಸ 0.0013. ಐಗೆನ್ ಮೌಲ್ಯಗಳಷ್ಟೇ ಬೇಕಾದವರು ಇದನ್ನು ನೋಡಿ ಒಂದು ಸುತ್ತು ಮೊದಲೇ ನಿಲ್ಲಿಸಬಹುದು. ದಿಕ್ಕುಗಳೂ ಬೇಕಾದವರು ನಿಲ್ಲಿಸಬಾರದು, ಏಕೆಂದರೆ ದಿಕ್ಕಿನ ದೋಷ ಇನ್ನೂ ε/δ ಮಟ್ಟದಲ್ಲೇ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೇಲಿನ ಉದಾಹರಣೆ ವರ್ಗೀಯಕ್ಕಿಂತಲೂ ವೇಗವಾಗಿ ಓಡಿತು: 0.08 ಇದ್ದದ್ದು ಒಂದೇ ಸುತ್ತಿಗೆ 0.00000046 ಆಯಿತು. ಇದು 3×3 ಮಾತೃಕೆಯ ವಿಶೇಷ. ಅಲ್ಲಿ ಹೊರ ಅಂಶಗಳು ಮೂರೇ. ಒಂದು ಈಗಷ್ಟೇ ಸೊನ್ನೆಯಾಗಿರುತ್ತದೆ, ಉಳಿದದ್ದು ಎರಡು. ಅವುಗಳಲ್ಲಿ ಒಂದನ್ನು ಸೊನ್ನೆ ಮಾಡಿದಾಗ ಹೊಸದಾಗಿ ಹುಟ್ಟುವುದು ಆ ಎರಡರ ಗುಣಲಬ್ಧ ಭಾಗಿಸು ಅಂತರ. ಹೀಗೆ ಪ್ರತಿ ತಿರುವಿನಲ್ಲಿ ಹುಟ್ಟುವ ಸಂಖ್ಯೆ ಅದರ ಹಿಂದಿನ ಎರಡರ ಗುಣಲಬ್ಧವಾಗುತ್ತ ಹೋಗುತ್ತದೆ. ε, ε ಎಂದು ಹೊರಟರೆ ಮುಂದೆ ε ಘಾತ 2, 3, 5, 8, 13, 21. ಹೇಮಚಂದ್ರನ ಹೆಸರಿನಲ್ಲಿ ನಮ್ಮಲ್ಲಿ, ಫಿಬೊನಾಚಿಯ ಹೆಸರಿನಲ್ಲಿ ಹೊರಗೆ ಪ್ರಸಿದ್ಧವಾದ ಸಂಖ್ಯೆಗಳು ಇಲ್ಲಿ ಘಾತಾಂಕಗಳಾಗಿ ಬಂದು ಕೂರುತ್ತವೆ. ಉದಾಹರಣೆಯ ಅಂಕಿಗಳೂ ಇದಕ್ಕೆ ಸಾಕ್ಷಿ: 0.0800ನ್ನು 0.0151ರಿಂದ ಗುಣಿಸಿ 5.17ರಿಂದ ಭಾಗಿಸಿದರೆ ಸಿಗುವುದು ಅದೇ 0.00023. ಮೂರು ತಿರುವುಗಳ ಒಂದು ಸುತ್ತಿಗೆ ಘಾತ ಸುಮಾರು 4.24 ಪಟ್ಟು ಬೆಳೆಯುತ್ತದೆ. ಪಾಠಗಳಲ್ಲಿ ಹೆಚ್ಚಾಗಿ 3×3 ಉದಾಹರಣೆಯನ್ನೇ ಕೊಡುವುದರಿಂದ ಓದುವವರು ಆ ವೇಗವನ್ನೇ ವರ್ಗೀಯವೆಂದು ತಿಳಿಯುವ ಅಪಾಯವಿದೆ. 4×4 ಆದಕೂಡಲೇ ಈ ಸೊಗಸು ಹೋಗುತ್ತದೆ. ಆರು ಹೊರ ಅಂಶಗಳಲ್ಲಿ ಮೊದಲು ಸೊನ್ನೆಯಾದ a12ಕ್ಕೆ ಮುಂದಿನ ತಿರುವುಗಳಲ್ಲಿ a23, a24ಗಳಿಂದ ಪಾಲು ಬರುತ್ತದೆ. ಅವು ಆಗಿನ್ನೂ ಕೈ ಮುಟ್ಟದ, ε ಗಾತ್ರದ ಅಂಶಗಳು. ಹಾಗಾಗಿ ದೊಡ್ಡ ಮಾತೃಕೆಗೆ ನಂಬಿಕೊಳ್ಳಬಹುದಾದದ್ದು ವರ್ಗ ಮಾತ್ರ.

ε²/δ ಎಂಬ ಲೆಕ್ಕದಲ್ಲಿ δ ಸೊನ್ನೆಯಾದರೆ ಏನು ಗತಿ? ಎರಡು ಐಗೆನ್ ಮೌಲ್ಯಗಳು ಸಮವಾಗಿರುವ ಮಾತೃಕೆಗಳು ಅಪರೂಪವಲ್ಲ. ವೃತ್ತಾಕಾರದ ಕಂಬ ಯಾವ ಕಡೆಗೆ ಬಾಗಿದರೂ ಒಂದೇ. ಅಂಥ ರಚನೆಗಳಲ್ಲಿ ಜೋಡಿ ಮೌಲ್ಯಗಳು ಸಹಜ. ಆ ಎರಡು ಅಕ್ಷಗಳ ನಡುವಿನ ಕೋನ ಆಗ ಸಣ್ಣದಾಗಿರಬೇಕಾಗಿಲ್ಲ, 45 ಡಿಗ್ರಿಯವರೆಗೂ ಹೋಗಬಹುದು. ಹೀಗಿದ್ದೂ ಓಟ ನಿಲ್ಲುವುದಿಲ್ಲ. ಎರಡು ಕರ್ಣಾಂಶಗಳು ಒಂದೇ ಮೌಲ್ಯ λ ಕಡೆಗೆ ಹೋಗುತ್ತಿವೆ, ಅವುಗಳ ನಡುವಿನ ಹೊರ ಅಂಶ b ಎಂದಿಟ್ಟುಕೊಂಡರೆ, ಆ 2×2 ತುಂಡಿನ ಸ್ವಂತ ಮೌಲ್ಯಗಳ ನಡುವಿನ ಅಂತರ 2bಗಿಂತ ಕಡಿಮೆಯಾಗಲಾರದು. ಉಳಿದ ಅಂಶಗಳು ε ಗಾತ್ರದವಾದರೆ ಅವು ಈ ತುಂಡಿನ ಮೌಲ್ಯಗಳನ್ನು λಯಿಂದ ಸರಿಸಬಲ್ಲದ್ದು ε² ಮಟ್ಟದಷ್ಟೇ. ಹಾಗಾದರೆ b ತಾನೇ ε² ಮಟ್ಟದ್ದಾಗಿರಲೇಬೇಕು. ಸಮ ಮೌಲ್ಯಗಳ ನಡುವಿನ ಅಂಶ ಮೊದಲೇ ತಗ್ಗಿರುವುದರಿಂದ ದೊಡ್ಡ ಕೋನದಿಂದ ಕೇಡಾಗುವುದಿಲ್ಲ. ಶೋನ್‌ಹಾಗೆ 1964ರಲ್ಲಿ ಈ ಪ್ರಸಂಗವನ್ನು ಬಿಡಿಸಿಟ್ಟ. ಒಂದು ಷರತ್ತು ಉಳಿಯುತ್ತದೆ: ಸಮ ಮೌಲ್ಯಗಳು ಕರ್ಣದಲ್ಲಿ ಅಕ್ಕಪಕ್ಕ ಇದ್ದರೆ ಸಾಧನೆ ನೇರವಾಗಿ ಹೋಗುತ್ತದೆ, ದೂರದೂರ ಕೂತಿದ್ದರೆ ತೊಡಕಾಗುತ್ತದೆ. ತಿರುವಿನ ಜೊತೆಗೆ ಅಕ್ಷಗಳನ್ನು ಅದಲುಬದಲು ಮಾಡಿ ಕರ್ಣವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತ ಬಂದರೆ ಈ ತೊಡಕು ತಪ್ಪುತ್ತದೆ.

ನಿಜವಾದ ಕಷ್ಟ ಬರುವುದು ಮೌಲ್ಯಗಳು ಸಮವಲ್ಲದೆ, ಹತ್ತಿರಹತ್ತಿರ ಇದ್ದಾಗ. δ ಹತ್ತು ಲಕ್ಷದಲ್ಲಿ ಒಂದು, ε ಸಾವಿರದಲ್ಲಿ ಒಂದು ಎಂದಿಟ್ಟುಕೊಂಡರೆ ε²/δ = 1; ಅಂದರೆ ಆ ಸೂತ್ರದಿಂದ ಏನೂ ಹೇಳಲಾಗದು. ε ಅಂತರಕ್ಕಿಂತ ಸಾಕಷ್ಟು ಕೆಳಗಿಳಿಯುವವರೆಗೆ ವರ್ಗೀಯ ಓಟ ಪ್ರಾರಂಭವಾಗದು. ಅಲ್ಲಿಯವರೆಗೆ S ಸಾಮಾನ್ಯ ವೇಗದಲ್ಲಿ ಇಳಿಯುತ್ತಿರುತ್ತದೆ. ಎಷ್ಟು ಸುತ್ತು ಬೇಕೆಂದು ಮೊದಲೇ ಹೇಳುವ ಒಳ್ಳೆಯ ಸೂತ್ರ ಇದಕ್ಕಿಲ್ಲ. ಅನುಭವದಲ್ಲಿ ಸಾಮಾನ್ಯ ಗಾತ್ರದ ಮಾತೃಕೆಗಳಿಗೆ ಹದಿನಾರು ಅಂಕಿಗಳ ನಿಖರತೆಗೆ ಆರರಿಂದ ಹತ್ತು ಸುತ್ತು ಸಾಕಾಗುತ್ತವೆ. ಪ್ರತಿ ಸುತ್ತಿನ ಕೊನೆಗೆ Sನ ವರ್ಗಮೂಲವನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ. ಅದರ ಘಾತಾಂಕ −1, −2, −5, −10 ಎಂಬಂತೆ ಇಮ್ಮಡಿಸತೊಡಗಿದರೆ ಕೊನೆ ಹತ್ತಿರವಾಗಿದೆ ಎಂದರ್ಥ.

ತಪ್ಪು ನುಸುಳಿದೆಯೇ ಎಂದು ತಿಳಿಯಲೂ ಅದೇ S ಸಾಕು. ಪ್ರತಿ ತಿರುವಿನಲ್ಲಿ ಅದು a_pqಯ ವರ್ಗದಷ್ಟೇ ಇಳಿಯಬೇಕು, ಕರ್ಣದ ಮೊತ್ತ ಕದಲಬಾರದು. ವಿದ್ಯಾರ್ಥಿಗಳು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಎರಡು. sನ ಚಿಹ್ನೆ ಉಲ್ಟಾ ಆದರೆ a_pq ಸೊನ್ನೆಯಾಗುವ ಬದಲು ಕೋನ ಸಣ್ಣದಿರುವಾಗ ಸುಮಾರು ಇಮ್ಮಡಿಯಾಗುತ್ತದೆ. ಹೊಸ a_rpಯನ್ನು ಬರೆದು, ಹಳೆಯದನ್ನು ಎತ್ತಿಟ್ಟುಕೊಳ್ಳದೆ ಅದರಿಂದಲೇ a_rqಯನ್ನು ಲೆಕ್ಕ ಹಾಕಿದರೆ ವರ್ಗಗಳ ಮೊತ್ತ ಕೆಡುತ್ತದೆ. ಎರಡನೆಯದು ಮೋಸದ ತಪ್ಪು. ಕೋನಗಳು ಸಣ್ಣದಾದಂತೆ ಅದರ ಪರಿಣಾಮವೂ ಸಣ್ಣದಾಗಿ, ಲೆಕ್ಕ ಎಲ್ಲೋ ಒಂದು ಕಡೆ ನಿಂತು ತಪ್ಪು ಉತ್ತರವನ್ನೇ ಸರಿಯೆಂಬಂತೆ ಕೊಡುತ್ತದೆ.

ಗಣಕದಲ್ಲಿ ಪ್ರತಿ ಸಲ ಅತಿ ದೊಡ್ಡ ಅಂಶವನ್ನು ಹುಡುಕುವುದೇ ತಿರುಗಿಸುವುದಕ್ಕಿಂತ ದುಬಾರಿಯಾಗುವುದರಿಂದ, ಸಾಲುಸಾಲಾಗಿ ಹೋಗುವ ಕ್ರಮವೇ ಬಳಕೆಗೆ ಬಂತು. 1966ರಲ್ಲಿ ರುಟಿಸ್‌ಹೌಸರ್ ಪ್ರಕಟಿಸಿದ ಪ್ರೋಗ್ರಾಂ ಮೊದಲ ಕೆಲವು ಸುತ್ತುಗಳಲ್ಲಿ ಒಂದು ಮಟ್ಟಕ್ಕಿಂತ ಕೆಳಗಿನ ಅಂಶಗಳನ್ನು ದಾಟಿ ಮುಂದೆ ಹೋಗುತ್ತದೆ. ಮುಂದೆ ಹೇಗೂ ಕದಡಿಹೋಗುವ ಸಣ್ಣ ಅಂಶಗಳನ್ನು ಮೊದಲೇ ಸೊನ್ನೆ ಮಾಡುವುದು ವ್ಯರ್ಥವೆಂಬುದು ಅದರ ಹಿಂದಿನ ಯೋಚನೆ.

ಇಷ್ಟಾದರೂ ಒಟ್ಟು ಕೆಲಸದ ಲೆಕ್ಕದಲ್ಲಿ ಈ ವಿಧಾನ ಸೋಲುತ್ತದೆ. ಮಾತೃಕೆಯನ್ನು ಮೊದಲು ಮೂರು ಕರ್ಣಗಳ ರೂಪಕ್ಕೆ ಇಳಿಸಿ, ಬಳಿಕ 1961ರಲ್ಲಿ ಫ್ರಾನ್ಸಿಸ್ ಕೊಟ್ಟ ಕ್ಯೂಆರ್ ವಿಧಾನವನ್ನು ಹಚ್ಚುವುದು ಹಲವು ಪಟ್ಟು ಅಗ್ಗ. ದೊಡ್ಡ ಮಾತೃಕೆಗಳಿಗೆ ಅದೇ ರೂಢಿಯಾಯಿತು, ಯಾಕೋಬಿ ವಿಧಾನ ಪಾಠಪುಸ್ತಕಕ್ಕೆ ಸರಿಯಿತು. ಅದು ಮತ್ತೆ ಮೇಲೆದ್ದದ್ದು ಎರಡು ಕಾರಣಗಳಿಂದ. ಒಂದನೆಯದು, ಬೇರೆ ಬೇರೆ ಜೋಡಿಗಳ ತಿರುವುಗಳನ್ನು ಒಟ್ಟೊಟ್ಟಿಗೆ ಹಲವು ಸಂಸ್ಕಾರಕಗಳಲ್ಲಿ ಮಾಡಬಹುದು. ಬ್ರೆಂಟ್ ಮತ್ತು ಲುಕ್ 1985ರಲ್ಲಿ ಅದರ ಕ್ರಮವನ್ನು ತೋರಿಸಿದರು. ಎರಡನೆಯದು ಹೆಚ್ಚು ಆಳವಾದದ್ದು, ನಿಖರತೆಗೆ ಸಂಬಂಧಿಸಿದ್ದು.

ಕರ್ಣದಲ್ಲಿ 1 ಮತ್ತು 10⁻⁴⁰, ಹೊರಗೆ 5×10⁻²¹ ಇರುವ 2×2 ಮಾತೃಕೆಯನ್ನು ನೋಡಿ. ಹೊರ ಅಂಶ 1ರ ಮುಂದೆ ಏನೂ ಅಲ್ಲ, ಹದಿನಾರು ಅಂಕಿಗಳ ಗಣಕದಲ್ಲಿ ಅದನ್ನು ಸೊನ್ನೆಯೆಂದು ಬಿಟ್ಟುಬಿಡಬಹುದೆಂದು ತೋರುತ್ತದೆ. ಬಿಟ್ಟರೆ ಚಿಕ್ಕ ಮೌಲ್ಯ 10⁻⁴⁰ ಎಂದು ಬರುತ್ತದೆ. ನಿಜವಾದ ಉತ್ತರ 0.75×10⁻⁴⁰; ತಪ್ಪು ನಿಜವಾದ ಮೌಲ್ಯದ ಮೂರನೇ ಒಂದು ಭಾಗದಷ್ಟು. ಹೊರ ಅಂಶವನ್ನು ಒಟ್ಟು ಮಾತೃಕೆಯ ಗಾತ್ರಕ್ಕೆ ಹೋಲಿಸದೆ a_ppಯ ಮತ್ತು a_qqಯ ಗುಣಲಬ್ಧದ ವರ್ಗಮೂಲಕ್ಕೆ ಹೋಲಿಸಿದರೆ ಈ ತಪ್ಪು ಆಗುವುದಿಲ್ಲ: ಆ ವರ್ಗಮೂಲ 10⁻²⁰, ಹೊರ ಅಂಶ ಅದರ ಅರ್ಧ. ಎಲ್ಲ ಐಗೆನ್ ಮೌಲ್ಯಗಳೂ ಧನಾತ್ಮಕವಾಗಿರುವ ಮಾತೃಕೆಗಳಿಗೆ ಈ ನಿಲುಗಡೆಯ ನಿಯಮ ಹಚ್ಚಿದ ಯಾಕೋಬಿ ವಿಧಾನ, ಚಿಕ್ಕ ಮೌಲ್ಯಗಳನ್ನು ಕ್ಯೂಆರ್‌ಗಿಂತ ನಿಖರವಾಗಿ ಕೊಡುತ್ತದೆಂದು ಡೆಮ್ಮೆಲ್ ಮತ್ತು ವೆಸೆಲಿಚ್ 1992ರಲ್ಲಿ ಸಾಧಿಸಿದರು. ಮುಂದೆ ದ್ರ್ಮಾಚ್ ಮತ್ತು ವೆಸೆಲಿಚ್ ಇದೇ ತಿರುವುಗಳನ್ನು ಮಾತೃಕೆಯ ಒಂದೇ ಬದಿಗೆ ಹಚ್ಚುವ ಪ್ರೋಗ್ರಾಂಗಳನ್ನು ಬರೆದರು. ಅವು ಇಂದು LAPACK ಸಂಗ್ರಹದಲ್ಲಿ `dgesvj` ಮತ್ತು `dgejsv` ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ.